ಸತ್ತ ಯಂತ್ರದ ಒಪ್ಪಿಗೆ ಬೇಕಂತೆ

ಕನ್ನಡ ಡಿಟಿಪಿ ತಂತ್ರಾಂಶವನ್ನು ನಾನು ದುಡ್ಡು ಕೊಟ್ಟೇ ಕೊಂಡಿದ್ದೆ. ಮಿಯಾಪುರದ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಹೊಸದರಲ್ಲಿ ಹಾಕಿದರೆ ಲೈಸೆನ್ಸ್ ಒಪ್ಪುತ್ತಿಲ್ಲ.

ಇಂಟರ್ನೆಟ್ ಇಲ್ಲದೆ ಆಕ್ಟಿವೇಟ್ ಮಾಡುವ ಕ್ರಮ ಹೀಗೆ: ತಂತ್ರಾಂಶವು ಮದರ್‌ಬೋರ್ಡ್, ಡಿಸ್ಕ್ ಮುಂತಾದವುಗಳ ಸಂಖ್ಯೆಗಳಿಂದ ಒಂದು ಕೋಡ್ ಹೊಸೆದು ತೋರಿಸುತ್ತದೆ. ಅದನ್ನು ಕಂಪನಿಗೆ ಕಳಿಸಿದರೆ ಆ ಯಂತ್ರಕ್ಕಷ್ಟೇ ಹೊಂದುವ ಉತ್ತರದ ಕೋಡ್ ಬರುತ್ತದೆ. ಹಾಗಾಗಿ ನಾನು ಜೋಪಾನವಾಗಿಟ್ಟ ಹಳೆಯ ಉತ್ತರ ಇಲ್ಲಿ ಕೆಲಸಕ್ಕೆ ಬಾರದು. ಹೊಸದನ್ನು ಕೇಳಿದರೆ, "ಮೊದಲು ಹಳೇದರಲ್ಲಿ ಡಿಆಕ್ಟಿವೇಟ್ ಮಾಡಿ ಸರ್" ಎನ್ನುತ್ತಾರೆ. ಆನ್ ಆಗದ ಯಂತ್ರದಲ್ಲಿ ಯಾವ ಬಟನ್ ಒತ್ತಲಿ ಸ್ವಾಮಿ? ಬಿಲ್ ಇರುವುದು ನನ್ನ ಹೆಸರಿನಲ್ಲಿ, ಮದರ್‌ಬೋರ್ಡಿನ ಹೆಸರಿನಲ್ಲಲ್ಲ.

ಕಳ್ಳಪ್ರತಿಯ ಭಯ ಅಂತೀರಿ. ಕಳ್ಳಪ್ರತಿಯವನು ನಿಮಗೆ ಫೋನ್ ಮಾಡುವುದೇ ಇಲ್ಲವಲ್ಲ! ಇದು ಆಗದ ಕೆಲಸವೂ ಅಲ್ಲ. ವಿಂಡೋಸ್‌ನ ರೀಟೇಲ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟಿದ್ದರೆ ಮದರ್‌ಬೋರ್ಡ್ ಬದಲಾದ ಮೇಲೂ ಮತ್ತೆ ಆಕ್ಟಿವೇಟ್ ಮಾಡಿಸಿಕೊಳ್ಳಬಹುದು. (ಕಂಪ್ಯೂಟರಿನ ಜೊತೆಗೇ ಬರುವ ಒಇಎಂ ಲೈಸೆನ್ಸಿಗೆ ಮಾತ್ರ ಆ ಭಾಗ್ಯವಿಲ್ಲ.)

ಕನ್ನಡದವರಿಗೆ ಪೆಟ್ಟು ಇನ್ನೂ ದೊಡ್ಡದು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ನಮ್ಮ ಅಕ್ಷರಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತ ಚಿತ್ರಗಳಷ್ಟೇ. ತಂತ್ರಾಂಶದ ಜೊತೆ ಫಾಂಟೂ ಕೈತಪ್ಪಿದರೆ 'ಕನ್ನಡ' ಎಂದು ನಾನೇ ಬರೆದದ್ದು ನನಗೇ `PÀ£ÀßqÀ` ಎಂದು ಕಾಣುತ್ತದೆ. ಬಿಲ್ ತೋರಿಸಿದವನಿಗೆ ಸತ್ತ ಯಂತ್ರವನ್ನು ನಿಮ್ಮ ಪಟ್ಟಿಯಿಂದ ತೆಗೆದು ಹೊಸ ಕೋಡ್ ಕೊಡಿ. ಕೊಡಲಾಗದಿದ್ದರೆ ನನ್ನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳುವ ಕನ್ವರ್ಟರನ್ನಾದರೂ ಬೀಗ ಹಾಕದೆ ಕೊಡಿ.