ಒಂದಾದದ್ದು 1956ರಲ್ಲಿ, ಹೆಸರು ಬಂದದ್ದು 1973ರಲ್ಲಿ

ಇತಿಹಾಸ ಪಾಠದಲ್ಲಿ ಇಟಲಿ, ಜರ್ಮನಿಗಳ ಏಕೀಕರಣ ಓದುವಾಗ ಅದು ನಮಗೆ ಸಂಬಂಧವಿಲ್ಲದ ದೂರದ ಕಥೆ ಎಂದುಕೊಂಡಿದ್ದೆ. ಕರ್ನಾಟಕ ಏಕೀಕರಣದ ಪಾಠ ಓದಿದ ಮೇಲೆ ಎರಡನ್ನೂ ಜೊತೆಗಿಟ್ಟು ನೋಡಬೇಕು ಅನ್ನಿಸಿತು.

ನನ್ನ ಅಜ್ಜ ಪುತ್ತೂರಿನ ಕಡೆಯವರು. ಹುಡುಗನಾಗಿದ್ದಾಗಲೇ ಕಾಫಿ ತೋಟದ ಕೆಲಸಕ್ಕೆಂದು ಘಾಟಿ ಹತ್ತಿ ಈ ಕಡೆ ಬಂದರು. ಆಗ ಪುತ್ತೂರು ಮದ್ರಾಸಿಗೆ ಸೇರಿತ್ತು, ನಮ್ಮ ವನಗೂರು ಮೈಸೂರಿಗೆ. ಪಕ್ಕದ ಕೊಡಗು ಇನ್ನೊಂದೇ ರಾಜ್ಯ. ಉತ್ತರಕ್ಕೆ ಹೋದರೆ ಧಾರವಾಡ ಮುಂಬಯಿಯಲ್ಲಿ, ಕಲಬುರಗಿ ಹೈದರಾಬಾದಿನಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಹಂಚಿಹೋದ ಕನ್ನಡ ನಾಡು ಹೀಗಿತ್ತು.

ತಾವೆಲ್ಲ ಒಂದೇ ಜನ, ತಮ್ಮನ್ನು ತಾವೇ ಆಳಿಕೊಳ್ಳಬೇಕು ಎಂಬ ಭಾವನೆಯೇ ರಾಷ್ಟ್ರೀಯತೆ. ಈ ಭಾವನೆ ತಾನಾಗಿ ಹುಟ್ಟುವುದಿಲ್ಲ. ಮೊದಲು ಯಾರಾದರೂ ಅದನ್ನು ಬರೆದು, ಹೇಳಿ ಹರಡಬೇಕು. ಇಟಲಿಯಲ್ಲಿ ಮ್ಯಾಝಿನಿ ಆ ಕೆಲಸ ಮಾಡಿದ. ಇಲ್ಲಿ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಬಂತು. ಆದರೆ ಕನ್ನಡಿಗರು ಕೇಳಿದ್ದು ಬೇರೆ ದೇಶವನ್ನಲ್ಲ, ಭಾರತದೊಳಗೆ ಒಂದು ರಾಜ್ಯವನ್ನು. ಹಾಗಾಗಿ ಇಟಲಿಯಂತೆ ಯುದ್ಧ ಬೇಕಾಗಲಿಲ್ಲ. ಸಭೆ, ಉಪವಾಸ, ಚಳವಳಿಗಳು ನಡೆದವು. ಕೊನೆಗೆ ಫಜಲ್ ಅಲಿ ಆಯೋಗದ ವರದಿ ಬಂತು, ಸಂಸತ್ತು ಕಾನೂನು ಮಾಡಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು.

ನಾನು ಹೇಳಬೇಕೆಂದಿರುವುದು ಅದರ ನಂತರದ ಮಾತು. ಇಟಲಿಯ ಏಕೀಕರಣಕ್ಕೆ ಮುಂದಾಳಾಗಿದ್ದದ್ದು ಪೀಡ್ಮಾಂಟ್ ರಾಜ್ಯ. ಅದರ ದೊರೆ ಎರಡನೆಯ ವಿಕ್ಟರ್ ಇಮ್ಯಾನುಯೆಲ್ 1861ರಲ್ಲಿ ಇಟಲಿಗೆ ರಾಜನಾದ. ಹೊಸ ದೇಶಕ್ಕೆ ಅವನೇ ಮೊದಲ ರಾಜನಾದರೂ 'ಎರಡನೆಯ' ಎಂಬುದನ್ನು ಹಾಗೇ ಉಳಿಸಿಕೊಂಡ. ಪೀಡ್ಮಾಂಟಿನ ಕಾನೂನುಗಳೇ ದಕ್ಷಿಣದವರ ಮೇಲೂ ಬಂದವು. ನಾವು ಒಂದಾಗಲಿಲ್ಲ, ನಮ್ಮನ್ನು ಸೇರಿಸಿಕೊಂಡರು ಎಂಬ ಅಸಮಾಧಾನ ಅಲ್ಲಿ ಬಹುಕಾಲ ಉಳಿಯಿತು.

ನಮ್ಮಲ್ಲಿ ಆ ಜಾಗದಲ್ಲಿದ್ದದ್ದು ಮೈಸೂರು. ಆದರೆ ಪೀಡ್ಮಾಂಟಿನ ಹಾಗೆ ಮೈಸೂರಿನವರೆಲ್ಲ ಉತ್ಸಾಹದಿಂದ ಮುಂದೆ ಬರಲಿಲ್ಲ. ಹಿಂದುಳಿದ ಜಿಲ್ಲೆಗಳು ಬಂದರೆ ತಮ್ಮ ಹಣ ಅತ್ತ ಹೋಗುತ್ತದೆ, ಅಧಿಕಾರ ಕೈತಪ್ಪುತ್ತದೆ ಎಂದು ಅಂಜಿದವರು ಬಹಳ ಜನ. ಆಗಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಆ ವಿರೋಧದ ನಡುವೆಯೂ ಏಕೀಕರಣದ ಪರ ನಿಂತರು. ಭಾಷೆ ಒಂದೇ ಆದರೆ ಸಾಲದು, ಇದ್ದದ್ದನ್ನು ಹಂಚಿಕೊಳ್ಳುವ ಮನಸ್ಸೂ ಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಇಷ್ಟಾದರೂ ಹೊಸ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಬೀದರಿನವರೂ ಕಾರವಾರದವರೂ ತಮ್ಮದು ಮೈಸೂರು ರಾಜ್ಯ ಎಂದು ಬರೆಯಬೇಕಾಯಿತು. ಎಲ್ಲರಿಗೂ ಸೇರುವ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ನಕ್ಷೆ ಒಂದಾದ ಮೇಲೆ ಹೆಸರಿಗೆ ಹದಿನೇಳು ವರ್ಷ ಹಿಡಿಯಿತು. ನನ್ನ ಪ್ರಕಾರ ಏಕೀಕರಣ ಎಷ್ಟು ಮುಖ್ಯವೋ ಈ ಹೆಸರಿನ ಬದಲಾವಣೆಯೂ ಅಷ್ಟೇ ಮುಖ್ಯ. ದೊಡ್ಡವರು ತಮ್ಮ ಹೆಸರನ್ನು ಬಿಟ್ಟುಕೊಟ್ಟಾಗಲೇ ಸೇರಿದವರಿಗೆ ಇದು ತಮ್ಮ ಮನೆ ಅನ್ನಿಸುವುದು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಭಾಷೆಯ ಗೆರೆ ಎಲ್ಲಿ ಎಳೆದರೂ ಕೆಲವರು ಆಚೆ ಉಳಿಯುತ್ತಾರೆ, ಕೆಲವರು ಈಚೆ ಬರುತ್ತಾರೆ. ಕಾಸರಗೋಡು ಕೇರಳಕ್ಕೆ ಹೋಯಿತು. ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಎಷ್ಟು ಹೋರಾಡಿದರೂ ಅದು ಬದಲಾಗಲಿಲ್ಲ. ಈಚೆ ಉಳಿದವರಲ್ಲಿ ನಮ್ಮ ಮನೆಯೂ ಒಂದು. ಅಜ್ಜ ಮನೆಯಲ್ಲಿ ಆಡಿದ್ದು ಬ್ಯಾರಿ, ಲೆಕ್ಕ ಬರೆದದ್ದು ಕನ್ನಡದಲ್ಲಿ. ನಮ್ಮ ತರಗತಿಯಲ್ಲಿ ಉರ್ದು, ತುಳು, ಮಲಯಾಳ ಮನೆಮಾತಿನವರೂ ಇದ್ದಾರೆ. ಒಮ್ಮೆ ಬಸ್ಸಿನಲ್ಲಿ ನಾವು ಬ್ಯಾರಿಯಲ್ಲಿ ಮಾತಾಡುತ್ತಿದ್ದಾಗ ಒಬ್ಬರು, "ನೀವು ಎಲ್ಲಿಂದ ಬಂದವರು?" ಎಂದು ಕೇಳಿದರು. ವನಗೂರು ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಅವರಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಮಾತು ನೋಡಿ ಕನ್ನಡಿಗರನ್ನು ಎಣಿಸಿದರೆ ಈ ನಾಡು ಮತ್ತೆ ಒಡೆದ ಹಾಗೆಯೇ. 2007ರಲ್ಲಿ ಕರ್ನಾಟಕ ಸರ್ಕಾರವೇ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿತು. ಬ್ಯಾರಿಯೂ ಈ ಮನೆಯ ಮಾತೇ ಎಂದು ಅದರ ಅರ್ಥ. ನಮ್ಮ ಪಾಲಿನ ಕೆಲಸವೂ ಇದೆ. ಕನ್ನಡವನ್ನು ಪರೀಕ್ಷೆಗಷ್ಟೇ ಓದಿ ಬಿಡಬಾರದು, ಅದರಲ್ಲಿ ಬರೆಯಬೇಕು, ವಾದಿಸಬೇಕು. ಈ ಲೇಖನವನ್ನು ಮೊದಲು ಓದಿ ಹೇಳಿದ್ದು ಅಜ್ಜನಿಗೆ. ಎಲ್ಲ ಕೇಳಿ ಅವರು ಬ್ಯಾರಿಯಲ್ಲಿ ಇಷ್ಟೇ ಹೇಳಿದರು: ಘಾಟಿ ಹತ್ತಿದ್ದು ಒಂದೇ ಸಲ, ರಾಜ್ಯ ಮಾತ್ರ ಎರಡು ಸಲ ಬದಲಾಯಿತು.