"ನೋಡೋಕೆ ಕ್ಲೀನಾಗಿದೆ" ಅನ್ನೋದು ರಿಪೋರ್ಟ್ ಅಲ್ಲ

1/4
ಎಂಡೋಸ್ಕೋಪಿ ಫೋಟೋ ಕಳಿಸಿ "ಬರೀ ಅಲ್ಸರ್ ತಾನೇ, ಬಯಾಪ್ಸಿ ಯಾಕೆ? ದುಡ್ಡು ಮಾಡೋಕಾ?" ಅಂತ ಕೇಳ್ತೀರಲ್ಲ, ಈ ಸರಣಿ ನಿಮಗೆ. "ಕ್ಲೀನಾಗಿದೆ, ಬಯಾಪ್ಸಿ ಬೇಡ ಬಿಡಿ" ಅನ್ನೋ ಡಾಕ್ಟರುಗಳಿಗೂ ಹೌದು. ಜಠರದ ಹುಣ್ಣನ್ನು ಬರೀ ಕಣ್ಣಲ್ಲಿ ನೋಡಿ ಕ್ಯಾನ್ಸರ್ ಅಲ್ಲ ಅಂತ ತೀರ್ಪು ಕೊಡೋಕಾಗಲ್ಲ.

2/4
ಫೋಟೋದಲ್ಲಿ ಏನು ಕಾಣುತ್ತೆ? ಬರೀ ಉರಿಯೂತ ಆದರೆ ಒಳಪದರ ಕೆಂಪಾಗಿ ಊದಿಕೊಂಡಿರುತ್ತೆ, ಅಲ್ಲಲ್ಲಿ ತರಚಿದಂಥ ಗುರುತು ಇರಬಹುದು, ಆದರೆ ಗುಂಡಿ ಇರಲ್ಲ. ಅಲ್ಸರ್ ಅಂದ್ರೆ ಗುಂಡಿ. ತಳದಲ್ಲಿ ಬಿಳಿ ಅಥವಾ ಹಳದಿ ಪೊರೆ, ಅಂಚು ನುಣುಪು, ಸುತ್ತಲಿನ ಮಡಿಕೆಗಳು ಅಂಚಿನವರೆಗೂ ನೀಟಾಗಿ ಬಂದು ಸೇರುತ್ತವೆ. ಕ್ಯಾನ್ಸರ್ ಆದರೆ ಅಂಚು ಇಲಿ ಕಡಿದಂತೆ ಅಂಕುಡೊಂಕು, ಮಡಿಕೆಗಳು ಅರ್ಧಕ್ಕೇ ತುಂಡಾಗಿರುತ್ತವೆ, ಇಲ್ಲವೇ ತುದಿ ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಇದು ಪುಸ್ತಕದ ಚಿತ್ರ. ಶುರುವಿನ ಕ್ಯಾನ್ಸರ್ ಇಷ್ಟು ನಿಯತ್ತಾಗಿ ಕಾಣಿಸಿಕೊಳ್ಳಲ್ಲ. ಎಷ್ಟೋ ಸಲ ಅದು ಸ್ವಲ್ಪ ತಗ್ಗಾದ, ಬಣ್ಣ ಚೂರು ಬೇರೆಯಾದ ಒಂದು ಕಲೆ ಅಷ್ಟೇ. ಗ್ಯಾಸ್ಟ್ರೈಟಿಸ್ ಅಂತಲೇ ದಾಟಿ ಹೋಗಬಹುದು.

3/4
ಒಂದು ಉದಾಹರಣೆ ತಗೊಳ್ಳಿ. 55 ವರ್ಷದವರು, ಜಠರದ ಬಾಗಿನಲ್ಲಿ 1 ಸೆಂ.ಮೀ. ಹುಣ್ಣು. ಅಂಚು ನುಣುಪು, ತಳ ಬಿಳಿ. ಬಯಾಪ್ಸಿ ತೆಗೀಲಿಲ್ಲ, 8 ವಾರ ಆಸಿಡ್ ಮಾತ್ರೆ ಕೊಟ್ಟರು. ನೋವು ಹೋಯ್ತು. ಸ್ಕೋಪ್ ಮಾಡಿದರೆ ಹುಣ್ಣೂ ಮಾಯ! "ನೋಡಿ, ಅಲ್ಸರೇ ಆಗಿತ್ತು" ಅಂತ ಎಲ್ಲರೂ ನಿರಾಳ.

ಮೋಸ ಇರೋದೇ ಇಲ್ಲಿ. ಶುರುವಿನ ಕ್ಯಾನ್ಸರ್ ಮೇಲೆ ಆಸಿಡ್ ಬಿದ್ದು ಹುಣ್ಣಾಗುತ್ತೆ. ಮಾತ್ರೆ ಆಸಿಡ್ ತಗ್ಗಿಸಿದಾಗ ಆ ಹುಣ್ಣು ಮುಚ್ಚಿಕೊಳ್ಳಬಹುದು, ಕೆಳಗಿನ ಕ್ಯಾನ್ಸರ್ ಹಾಗೇ ಇರುತ್ತೆ. ತಿಂಗಳುಗಳಾದ ಮೇಲೆ ಮತ್ತೆ ಹುಣ್ಣು. ಅಷ್ಟರಲ್ಲಿ ಅದು ಆಳಕ್ಕೆ ಇಳಿದಿರಬಹುದು. ಒಳಪದರದಲ್ಲೇ ಇದ್ದಾಗ ಎಷ್ಟೋ ಸಲ ಸ್ಕೋಪಿನಲ್ಲೇ ಕೆತ್ತಿ ತೆಗೆಯಬಹುದಿತ್ತು. ಈಗ ದೊಡ್ಡ ಆಪರೇಷನ್. ಮಾತ್ರೆಗೆ ವಾಸಿಯಾಯ್ತು ಅನ್ನೋದು ಸಾಕ್ಷಿ ಅಲ್ಲ.

4/4
ಬಯಾಪ್ಸಿ ಅಂದ್ರೆ ಸ್ಕೋಪಿನೊಳಗಿಂದ ಚಿಕ್ಕ ಚಿಮಟ ಇಳಿಸಿ ಎರಡು-ಮೂರು ಮಿ.ಮೀ. ಚೂರು ತೆಗೆಯೋದು. ಚಿವುಟಿದ್ದು ಗೊತ್ತೇ ಆಗಲ್ಲ. ಒಂದು ಚೂರು ಸಾಲದು. ತಳದಲ್ಲಿ ಸತ್ತ ಜೀವಕೋಶಗಳೇ ಜಾಸ್ತಿ, ಅದಕ್ಕೇ ಅಂಚಿನ ಸುತ್ತಲೂ ಸೇರಿಸಿ ಆರೇಳು ಚೂರು ತೆಗೀತಾರೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಇದೆಯಾ ಅಂತಲೂ ಚೂರು ತೆಗೆದು ನೋಡಬಹುದು. ಬಯಾಪ್ಸಿ ಮಾಡಿದ್ರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತು ಬಿಟ್ಟುಬಿಡಿ.

ಡ್ಯುಯೊಡಿನಂ ಹುಣ್ಣು ಕ್ಯಾನ್ಸರ್ ಆಗಿರೋದು ತೀರಾ ಅಪರೂಪ, ಅಲ್ಲಿ ಹುಣ್ಣಿನ ಬಯಾಪ್ಸಿ ಸಾಮಾನ್ಯವಾಗಿ ಬೇಕಾಗಲ್ಲ. ಆದ್ದರಿಂದ ರಿಪೋರ್ಟಿನಲ್ಲಿ ಮೊದಲು ಹುಣ್ಣು ಎಲ್ಲಿದೆ ನೋಡಿ. "ಗ್ಯಾಸ್ಟ್ರಿಕ್ ಅಲ್ಸರ್" ಅಂತಿದ್ದು ಬಯಾಪ್ಸಿ ಮಾತೇ ಇಲ್ಲದಿದ್ದರೆ "ಯಾಕೆ ತೆಗೀಲಿಲ್ಲ ಸಾರ್?" ಅಂತ ಕೇಳಿ. ರಕ್ತ ಸೋರ್ತಾ ಇತ್ತು, ಆಮೇಲೆ ತೆಗೀತೀವಿ ಅಂದ್ರೆ ಒಪ್ಪೋಣ. ನೋಡೋಕೆ ಕ್ಲೀನಾಗಿತ್ತು ಅಂದ್ರೆ ಒಪ್ಪಬೇಡಿ.

#ಎಂಡೋಸ್ಕೋಪಿ #ಬಯಾಪ್ಸಿ #ಹೊಟ್ಟೆಹುಣ್ಣು