No ಒತ್ತಿದರೆ ‘ಕೆಲಸವೇ ಬೇಡ’ ಎಂದಂತೆ

ನಮ್ಮೂರಿನ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಕಂಪನಿಯಿಂದ ಇಂಟರ್‌ವ್ಯೂಗೆ ಇನ್ವೈಟ್ ಬಂತು. ಬುಧವಾರ ಬೆಳಿಗ್ಗೆ 11 ಗಂಟೆಗೆ ವಿಡಿಯೊ ಕಾಲ್. ಅದೇ ಹೊತ್ತಿಗೆ ಅವಳಿಗೆ ಬಿ.ಕಾಂ. ಪರೀಕ್ಷೆ. ಮೇಲ್‌ನಲ್ಲಿ Yes, No, Maybe ಎಂಬ ಬಟನ್‌ಗಳಿದ್ದವು. ಆ ಹೊತ್ತಿಗೆ ಆಗಲ್ಲ ಎಂದುಕೊಂಡು No ಒತ್ತಿದಳು. ಬೇರೆ ದಿನ ಕೊಡುತ್ತಾರೆಂದು ಎರಡು ವಾರ ಕಾದಳು. ಯಾರೂ ಕರೆಯಲಿಲ್ಲ.

‘ಬೇರೆ ಟೈಮ್ ಕೇಳಬೇಕಿತ್ತಲ್ಲಮ್ಮ’ ಎಂದೆ. ‘ಕೆಲಸ ಕೊಡೋರಿಗೆ ನಾವೇ ಟೈಮ್ ಹೇಳಿದ್ರೆ ಏನಂದ್ಕೋತಾರೋ ಅಣ್ಣ’ ಅಂದಳು.

ಈ ಸಂಕೋಚವೇ ನಮ್ಮ ಮಕ್ಕಳಿಗೆ ದುಬಾರಿಯಾಗುತ್ತಿದೆ. ಇನ್ವೈಟ್ ಕಳಿಸಿದವರಿಗೆ ಕಾಣುವುದು ‘ಒಪ್ಪಲಿಲ್ಲ’ ಎಂಬುದಷ್ಟೇ. ಪರೀಕ್ಷೆಯ ವಿಷಯ ಅವರಿಗೆ ಹೇಗೆ ಗೊತ್ತಾಗಬೇಕು? ಕೆಲಸವೇ ಬೇಡವೆಂದು ತಿಳಿದು ಮುಂದಿನ ಹೆಸರಿಗೆ ಹೋಗುತ್ತಾರೆ. Maybe ಒತ್ತಿದರೂ ಅವರಿಗೆ ಏನೂ ತಿಳಿಯುವುದಿಲ್ಲ. ಬೇರೆ ಹೊತ್ತು ಕೇಳುವುದು ಉದ್ಧಟತನವಲ್ಲ, ಏನೂ ಹೇಳದೆ ಸುಮ್ಮನಿರುವುದೇ ತಪ್ಪು.

ಗೂಗಲ್ ಕ್ಯಾಲೆಂಡರ್‌ನಲ್ಲಿ ಆ ಇನ್ವೈಟ್ ತೆರೆದರೆ ಉತ್ತರದ ಬಟನ್‌ಗಳ ಹತ್ತಿರ Propose a new time ಎಂಬ ಆಯ್ಕೆ ಇರುತ್ತದೆ. ಅದರಲ್ಲಿ ದಿನ, ಹೊತ್ತು ಆರಿಸಿ, ಕಾರಣವನ್ನೂ ಬರೆದು ಕಳಿಸಬಹುದು. ಆಯ್ಕೆ ಕಾಣದಿದ್ದರೆ ಅದೇ ಮೇಲ್‌ಗೆ ಉತ್ತರ ಬರೆದರಾಯಿತು.

ಅವಳು ಬರೆಯಬೇಕಿದ್ದದ್ದು ಇಷ್ಟೇ: ‘ಈ ಕೆಲಸದಲ್ಲಿ ನನಗೆ ಆಸಕ್ತಿ ಇದೆ. ಬುಧವಾರ 11 ಗಂಟೆಗೆ ಪದವಿ ಪರೀಕ್ಷೆ ಇದೆ. ಗುರುವಾರ, ಮಾರ್ಚ್ 12ರಂದು ಮಧ್ಯಾಹ್ನ 3 ಗಂಟೆಗೆ, ಇಲ್ಲವೇ ಶುಕ್ರವಾರ, ಮಾರ್ಚ್ 13ರಂದು ಬೆಳಿಗ್ಗೆ 10 ಗಂಟೆಗೆ ಸಿಗಬಲ್ಲೆ. ನನ್ನ ಮೊಬೈಲ್ ನಂಬರ್ ಇದು.’ ‘ಯಾವಾಗಾದರೂ ಸರಿ’ ಎಂದು ಬರೆದರೆ ಹೊತ್ತು ಹುಡುಕುವ ಕೆಲಸ ಮತ್ತೆ ಅವರ ತಲೆಗೇ ಬೀಳುತ್ತದೆ. ನೀವು ಕೊಡುವ ಹೊತ್ತಿನಲ್ಲಿ ಊರಲ್ಲಿ ಕರೆಂಟ್, ನೆಟ್‌ವರ್ಕ್ ಇರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕೇಳಿದ ಮಾತ್ರಕ್ಕೆ ಹೊತ್ತು ಬದಲಾಗುವುದಿಲ್ಲ. ಅವರು ಒಪ್ಪಿ ಹೊಸ ಹೊತ್ತಿನ ಇನ್ವೈಟ್ ಕಳಿಸುವವರೆಗೆ ಹಳೆಯದೇ ಕ್ಯಾಲೆಂಡರ್‌ನಲ್ಲಿ ಉಳಿಯುತ್ತದೆ. ಹಿಂದಿನ ದಿನದವರೆಗೂ ಉತ್ತರ ಬರದಿದ್ದರೆ ಫೋನ್ ಮಾಡಿ.

ಹೊತ್ತು ಹೊಂದಿದರೆ Yes ಒತ್ತಿ. ಅಷ್ಟಕ್ಕೇ ಬಿಡದೆ ಇನ್ವೈಟ್ ಪೂರ್ತಿ ಓದಿ: ವಿಡಿಯೊ ಲಿಂಕ್ ಇದೆಯೇ? ಫೋನ್ ಕಾಲ್ ಆದರೆ ಅವರು ಮಾಡುತ್ತಾರೋ, ನಾವು ಮಾಡಬೇಕೋ? ಅದು ಬರೆದಿಲ್ಲದಿದ್ದರೆ ಒಂದು ಸಾಲಿನಲ್ಲಿ ಕೇಳಿಬಿಡಿ. ನಿಜಕ್ಕೂ ಕೆಲಸ ಬೇಡವಾದರೆ ಮಾತ್ರ No ಒತ್ತಿ, ಜೊತೆಗೆ ‘ಬೇರೆ ಕಡೆ ಸೇರಿದ್ದೇನೆ, ಧನ್ಯವಾದ’ ಎಂದು ಬರೆಯಿರಿ.

ಕಂಪನಿಯವರಿಗೂ ಒಂದು ಮಾತು. ಇನ್ವೈಟ್ ಕಳಿಸುವ ಮುಂಚೆ ‘ಯಾವ ಹೊತ್ತು ಅನುಕೂಲ?’ ಎಂದು ನೀವೇ ಕೇಳಿದ್ದರೆ ಆ ಹುಡುಗಿ No ಒತ್ತುತ್ತಿರಲಿಲ್ಲ.